ಶಾಲು ಹೊದಿಸಿದ್ದಾಯಿತು, ಪಟ್ಟಿ ನೋಡಿದವರು ಯಾರು?

ಪೇಟೆ ಬೀದಿ ಈಶ್ವರ ದೇವಸ್ಥಾನದ ಐನೋರು ಊರು ಬಿಡುತ್ತಾರೆ ಎಂಬ ಸುದ್ದಿ ಈ ವಾರವೆಲ್ಲ ಬಸ್ ಸ್ಟಾಂಡಿನ ಹೋಟೆಲಿನಿಂದ ಹಿಡಿದು ದಿನಸಿ ಅಂಗಡಿಗಳ ಗಲ್ಲಾಪೆಟ್ಟಿಗೆವರೆಗೆ ಓಡಾಡಿತು. ಹತ್ತೊಂಬತ್ತು ವರ್ಷ ಬೆಳಗಿನ ಮೊದಲ ಬಸ್ಸಿಗೆ ಹೋಗುವವರಿಗೂ ಮಂಗಳಾರತಿ ಸಿಗುವ ಹಾಗೆ ಬಾಗಿಲು ತೆಗೆದವರು, ಬರುವ ತಿಂಗಳ ಒಂದನೇ ತಾರೀಖಿನಿಂದ ಬೆಂಗಳೂರಿನ ಒಂದು ಬಡಾವಣೆಯ ಖಾಸಗಿ ದೇವಸ್ಥಾನದಲ್ಲಿ ಪೂಜೆಗೆ ನಿಲ್ಲುತ್ತಾರೆ. ಹೋದ ಸೋಮವಾರ ಸಂಜೆ ದೇವಸ್ಥಾನದ ಅಂಗಳದಲ್ಲಿ ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಹಣ್ಣಿನ ತಟ್ಟೆ, ಎಲ್ಲ ಕ್ರಮವಾಗಿಯೇ ಆಯಿತು. ಆಗದೆ ಉಳಿದದ್ದು ಒಂದೇ. ಐನೋರು ಹೇಳಿದ ಮಾತು ಜನರ ತಲೆಗೆ ಹೋಗಲಿಲ್ಲ.

ಕಣ್ಣೀರು, ಕ್ಷಮೆ, ಆಶೀರ್ವಾದ, ಆಮೇಲೆ ಉಪ್ಪಿಟ್ಟು ಎಂದು ಲೆಕ್ಕ ಹಾಕಿಕೊಂಡು ಬಂದವರೇ ಹೆಚ್ಚು. ಐನೋರು ಮಾತ್ರ ರಟ್ಟಿನ ಹೊದಿಕೆಯ ಒಂದು ನೋಟ್ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಇಪ್ಪತ್ತು ನಿಮಿಷ ಓದಿದರು. ತಮ್ಮ ಹೆಸರು ಪೇಪರಿನಲ್ಲಿ ಬರುವುದು ಬೇಡ, ಹೇಳಿದ್ದು ಬಂದರೆ ಸಾಕು ಎಂದು ಸಭೆಯಲ್ಲೇ ಹೇಳಿದರು. ಅದಕ್ಕೆ ಇಲ್ಲಿ ಹೆಸರಿಲ್ಲ. ಹಿಂದಿನ ಸಾಲಿನಲ್ಲಿ ಕೂತವರು ಐದು ನಿಮಿಷಕ್ಕೇ ಆಕಳಿಸಿದರು. ಒಬ್ಬ ಮಹನೀಯರು ಎದ್ದು ಚಪ್ಪಲಿ ಹುಡುಕಿದರು. ಆ ಪುಸ್ತಕದಲ್ಲಿ ಇದ್ದದ್ದು ಊರಿನದೇ ಲೆಕ್ಕ ಎಂಬುದು ಬಹಳ ಮಂದಿಗೆ ಹೊಳೆಯಲೇ ಇಲ್ಲ.

ಅರವತ್ತೆರಡು ಗ್ರಾಮು ಬೆಳ್ಳಿ

ಮೊದಲು ಅವರು ಓದಿದ್ದು ದೇವರ ಸಾಮಾನಿನ ಪಟ್ಟಿ. ಮುಜರಾಯಿ ದೇವಸ್ಥಾನಕ್ಕೆ ಯಾವ ಅರ್ಚಕರು ಬಂದರೂ ಒಡವೆ, ಪಾತ್ರೆ, ಗಂಟೆ, ದೀಪ ಎಲ್ಲವನ್ನೂ ಪಟ್ಟಿ ಮಾಡಿ, ತೂಕ ಹಾಕಿ, ಮಹಜರು ಬರೆದು ವಹಿಸಿಕೊಳ್ಳಬೇಕು. ಹೋಗುವಾಗಲೂ ಹಾಗೆಯೇ ಒಪ್ಪಿಸಬೇಕು. ಇವರು 2006ರಲ್ಲಿ ಬಂದಾಗ ವಹಿಸಿಕೊಂಡ ಪಟ್ಟಿಯಲ್ಲಿ ಲಿಂಗದ ಬೆಳ್ಳಿ ಮುಖವಾಡ 1,850 ಗ್ರಾಂ ಎಂದಿದೆ. ಈಗ ಅಂಗಡಿ ತಕ್ಕಡಿಯಲ್ಲಿ ಇಟ್ಟರೆ 1,788 ಗ್ರಾಂ. ಕಡಿಮೆ ಬಿದ್ದದ್ದು 62 ಗ್ರಾಂ.

ಬೆಳ್ಳಿ ರೇಟು ಏರಿರುವ ಈ ಕಾಲದಲ್ಲಿ 62 ಗ್ರಾಮೆಂದರೆ ಯಾರಿಗಾದರೂ ಕಿವಿ ನೆಟ್ಟಗಾಗುತ್ತದೆ. ಸಭೆಯಲ್ಲೂ ಆಯಿತು. ಆಗ ಐನೋರು ಪುಸ್ತಕದ ನಡುವಿನಿಂದ ಮಡಿಸಿದ ಒಂದು ಚೀಟಿ ತೆಗೆದರು. ಹತ್ತು ವರ್ಷದ ಕೆಳಗೆ ಮುಖವಾಡದ ಅಂಚು ಬಿಟ್ಟುಕೊಂಡಾಗ ಅಕ್ಕಸಾಲಿಗರಿಂದ ರಿಪೇರಿ ಮಾಡಿಸಿದ ಚೀಟಿ ಅದು. ತೆಳು ತಗಡಿನ ಬೆಳ್ಳಿ ಕೆಲಸದಲ್ಲಿ ಅಂಚು ಅಮುಕಿಹೋಗದೆ ಇರಲಿ ಎಂದು ಒಳಗೆ ಅರಗು ತುಂಬಿರುತ್ತಾರೆ. ಬೆಸುಗೆ ಹಾಕಬೇಕಾದರೆ ಬೆಂಕಿ ತಗುಲುತ್ತದೆ, ಅರಗು ಕರಗುತ್ತದೆ, ಆದ್ದರಿಂದ ಮೊದಲು ಅದನ್ನು ತೆಗೆಯಲೇಬೇಕು. ಆ ದಿನ ತೆಗೆದ ಅರಗು 45 ಗ್ರಾಂ ಎಂದು ಅಕ್ಕಸಾಲಿಗರು ಚೀಟಿಯಲ್ಲಿ ಬರೆದು ರುಜು ಹಾಕಿದ್ದಾರೆ. ಹಳೆ ಪಟ್ಟಿ ಬರೆದವರು ಅರಗನ್ನೂ ಬೆಳ್ಳಿ ಎಂದೇ ತೂಗಿದ್ದರು. ಉಳಿದದ್ದು 17 ಗ್ರಾಂ. ಅದು ಹತ್ತೊಂಬತ್ತು ವರ್ಷ ಹುಣಿಸೆಹಣ್ಣು, ವಿಭೂತಿ ಹಾಕಿ ತಿಕ್ಕಿದ್ದರ ಸವೆತ. ಮುಖವಾಡದ ಮೂಗು, ಹುಬ್ಬು ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಲ್ಲಿ ನುಣ್ಣಗಾಗಿದೆ, ಗುಳಿಗಳಲ್ಲಿ ಕೆತ್ತನೆ ಹಾಗೇ ಇದೆ. ಕತ್ತರಿಸಿ ತೆಗೆದಿದ್ದರೆ ಅಂಚಿನಲ್ಲೋ ಹಿಂಬದಿಯಲ್ಲೋ ಗುರುತು ಕಾಣಬೇಕಿತ್ತು.

'ಈ ಚೀಟಿ ಇಲ್ಲದೇ ಇದ್ದಿದ್ರೆ ನಾನು ಈ ಊರಿಂದ ಕಳ್ಳ ಅಂತ ಅನ್ನಿಸಿಕೊಂಡು ಹೋಗಬೇಕಿತ್ತು. ಹೊಸಬರು ಬಂದಾಗ ಅರಗು ಬೇರೆ, ಬೆಳ್ಳಿ ಬೇರೆ ಬರೆಸಿ. ಅವರ ಮಾನ ಉಳಿಸಿ' ಎಂದರು.

ಇದೇ ಪಟ್ಟಿಯಲ್ಲಿ ಉತ್ಸವಮೂರ್ತಿಯ ಒಂದು ಪದಕವನ್ನು 'ಚಿನ್ನದ್ದು' ಎಂದು ಬರೆದಿದ್ದಾರೆ. ಅದು ತಾಮ್ರದ ಮೇಲೆ ಚಿನ್ನದ ನೀರು ಹಾಯಿಸಿದ್ದು. ಕೊಂಡಿಯ ಹತ್ತಿರ ಸವೆದು ಕೆಂಪು ಕಾಣುತ್ತದೆ. ಐನೋರು ಬರುವ ಮೊದಲೇ ಅದು ಹಾಗಿತ್ತೋ, ಕೊಟ್ಟವರೇ ಗಿಲೀಟಿನದು ಕೊಟ್ಟು ಚಿನ್ನದ್ದೆಂದು ಬರೆಸಿದರೋ, ಈಗ ಹೇಳುವವರಿಲ್ಲ. 2006ರಲ್ಲಿ ಯಾರೂ ಒರೆಗಲ್ಲಿಗೆ ಹಚ್ಚಿ ನೋಡಲಿಲ್ಲ. ತಾವು ಚಿಕ್ಕ ವಯಸ್ಸಿನ ಹುಮ್ಮಸ್ಸಿನಲ್ಲಿ ಓದದೆ ರುಜು ಹಾಕಿದೆ ಎಂದು ಐನೋರು ಒಪ್ಪಿಕೊಂಡರು. ಮುಂದಿನವರು ಹಾಗೆ ರುಜು ಹಾಕಬಾರದು ಎಂಬುದಕ್ಕೇ ಇದನ್ನು ಎಲ್ಲರ ಎದುರಿಗೆ ಹೇಳಿದ್ದು.

ದಿನಕ್ಕೆ 72 ರೂಪಾಯಿ

ಎರಡನೆಯದು ತಸ್ತೀಕಿನ ಮಾತು. 'ಐನೋರು ದುಡ್ಡಿಗಾಗಿ ಹೊರಟರು' ಎಂದು ಪೇಟೆಯಲ್ಲಿ ಗೊಣಗುವವರು ಇದನ್ನು ನಿಧಾನವಾಗಿ ಓದಬೇಕು.

ಈ ದೇವಸ್ಥಾನಕ್ಕೆ ಒಂದು ಕಾಲದಲ್ಲಿ ಇನಾಂ ಗದ್ದೆ ಇತ್ತು. ಮೈಸೂರು ಸೀಮೆಯಲ್ಲಿ 1955ರ ಕಾನೂನಿನಿಂದ ಧಾರ್ಮಿಕ ಇನಾಮುಗಳು ರದ್ದಾದವು. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನೂ ಉಳುವವರಿಗೆ ಹೋಯಿತು. ಅದು ಅನ್ಯಾಯ ಎಂದು ಐನೋರು ಹೇಳಲಿಲ್ಲ. 'ಬೆವರು ಸುರಿಸಿದೋರಿಗೆ ಭೂಮಿ ಹೋಯ್ತು, ಈಶ್ವರ ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ' ಎಂದರು. ಆ ಜಮೀನಿನ ಬದಲಿಗೆ ಸರ್ಕಾರ ವರ್ಷಕ್ಕಿಷ್ಟು ಎಂದು ಕೊಡುವ ಹಣವೇ ತಸ್ತೀಕು. ವರ್ಷಕ್ಕೆ ಐದು ಲಕ್ಷಕ್ಕಿಂತ ಕಡಿಮೆ ಆದಾಯದ ದೇವಸ್ಥಾನಗಳು 'ಸಿ' ವರ್ಗಕ್ಕೆ ಸೇರುತ್ತವೆ. ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಬಹುಪಾಲು ಇವೇ, ಪೇಟೆ ಈಶ್ವರನೂ ಇದರಲ್ಲೇ. ಇಂಥ ದೇವಸ್ಥಾನದ ತಸ್ತೀಕನ್ನು 60,000ದಿಂದ 72,000ಕ್ಕೆ ಏರಿಸುವುದಾಗಿ 2025ರ ಬಜೆಟ್ಟಿನಲ್ಲಿ ಸರ್ಕಾರ ಹೇಳಿತು.

ಎಪ್ಪತ್ತೆರಡು ಸಾವಿರ ಎಂದ ಕೂಡಲೇ ಪರವಾಗಿಲ್ಲವಲ್ಲ ಎನಿಸುತ್ತದೆ. ತಿಂಗಳಿಗೆ ಅದು 6,000. ಅದು ಪೂಜೆಯ ಖರ್ಚಿಗೂ ಆಗಬೇಕು, ಅರ್ಚಕರ ಹೊಟ್ಟೆಗೂ ಆಗಬೇಕು. ಐನೋರ ಪುಸ್ತಕದ ಪ್ರಕಾರ ಒಂದು ಸಾಧಾರಣ ತಿಂಗಳಲ್ಲಿ ದೀಪಕ್ಕೆ ನಾಲ್ಕು ಲೀಟರು ಎಣ್ಣೆ, 800 ರೂಪಾಯಿ. ಎರಡು ಹೊತ್ತಿನ ನೈವೇದ್ಯಕ್ಕೆ ದಿನಕ್ಕೆ ಅರ್ಧ ಕೇಜಿಯಂತೆ ಹದಿನೈದು ಕೇಜಿ ಅಕ್ಕಿ, 750. ಅಭಿಷೇಕಕ್ಕೆ ದಿನಕ್ಕೆ ಅರ್ಧ ಲೀಟರು ಹಾಲು, 720. ಹೂವು, ಬಿಲ್ವಪತ್ರೆ ದಿನಕ್ಕೆ 30ರಂತೆ 900. ಕರ್ಪೂರ, ಊದುಬತ್ತಿ, ತುಪ್ಪ, ತೆಂಗಿನಕಾಯಿ, ಎಲೆ ಅಡಿಕೆ ಸೇರಿ 650. ಒಟ್ಟು 3,820. ಉಳಿಯುವುದು 2,180, ದಿನಕ್ಕೆ 72 ರೂಪಾಯಿ ಚಿಲ್ಲರೆ. ಕಾರ್ತಿಕ ಸೋಮವಾರ, ಶಿವರಾತ್ರಿ ಬಂದರೆ ಅದೂ ಇಲ್ಲ. ಇಷ್ಟೂ ತಸ್ತೀಕು ಕೈಗೆ ಬಂದ ಮೇಲಿನ ಮಾತು. ಬರುವುದು ತಡವಾದ ತಿಂಗಳುಗಳಲ್ಲಿ ದಿನಸಿ ಅಂಗಡಿಯ ಸಾಲದ ಪುಸ್ತಕವೇ ದೇವರಿಗೆ ನೈವೇದ್ಯ ಇಟ್ಟದ್ದು. ಈ ಮಾತು ಬಂದಾಗ ಸಭೆಯಲ್ಲಿದ್ದ ಇಬ್ಬರು ಅಂಗಡಿಯವರು ತಲೆ ತಗ್ಗಿಸಿದರು. ಸಾಲ ಕೊಟ್ಟವರು ಅವರೇ, ಕೇಳದೆ ಸುಮ್ಮನಿದ್ದವರೂ ಅವರೇ. ಆ ಬಾಕಿಯನ್ನು ಪೂರಾ ತೀರಿಸಿದ್ದೇನೆ ಎಂದು ಐನೋರು ತಾರೀಖು ಸಹಿತ ಓದಿದರು.

ಹಾಗಾದರೆ ಮನೆ ನಡೆದದ್ದು ಹೇಗೆ? ಮಂಗಳಾರತಿ ತಟ್ಟೆಯಿಂದ. ಹುಂಡಿಗೆ ಬಿದ್ದದ್ದು ದೇವಸ್ಥಾನದ್ದು, ಅಧಿಕಾರಿಗಳು, ಸಮಿತಿಯವರು ಇದ್ದಾಗಲೇ ಅದನ್ನು ತೆರೆಯಬೇಕು. ತಟ್ಟೆಗೆ ಬಿದ್ದದ್ದು ಅರ್ಚಕರಿಗೆ ಎಂಬುದು ಊರಲ್ಲಿ ನಡೆದುಕೊಂಡು ಬಂದ ರೂಢಿ. ಬೆಳಿಗ್ಗೆ ಬಸ್ಸಿಗೆ ಓಡುವವರು ಎರಡು ರೂಪಾಯಿ, ಐದು ರೂಪಾಯಿ ಹಾಕಿ ಓಡುತ್ತಿದ್ದರು. ಕೆಲವು ವರ್ಷದಿಂದ ಅದೂ ಬದಲಾಯಿತು. ಜನರ ಜೇಬಿನಲ್ಲಿ ಚಿಲ್ಲರೆ ಇಲ್ಲ, ಇರುವುದು ಫೋನು. ಹುಂಡಿಯ ಪಕ್ಕದಲ್ಲಿ ಸಮಿತಿಯವರು ಅಂಟಿಸಿದ ಕ್ಯೂಆರ್ ಚೀಟಿಗೆ ಫೋನು ತೋರಿಸಿ ಹತ್ತು ರೂಪಾಯಿ ಹಾಕಿ, ಐನೋರಿಗೆ ಕೊಟ್ಟೆವೆಂದು ತೃಪ್ತಿಯಿಂದ ಬಸ್ಸು ಹತ್ತುತ್ತಾರೆ. ಆ ಹತ್ತು ರೂಪಾಯಿ ಹೋಗುವುದು ದೇವಸ್ಥಾನದ ಖಾತೆಗೆ. ಐನೋರ ತಟ್ಟೆಯಲ್ಲಿ ಕರ್ಪೂರದ ಮಸಿ ಮಾತ್ರ.

ಇದರಲ್ಲಿ ಮೋಸ ಯಾರದೂ ಇಲ್ಲ. ಚೀಟಿ ಅಂಟಿಸಿದವರು ದೇವಸ್ಥಾನಕ್ಕೆ ಆದಾಯ ಬರಲಿ ಎಂದೇ ಅಂಟಿಸಿದರು. ಆದರೆ ಒಂದು ಕೈಯಿಂದ ಇನ್ನೊಂದು ಕೈಗೆ ದುಡ್ಡು ಸರಿದದ್ದು ಯಾರ ಗಮನಕ್ಕೂ ಬರಲಿಲ್ಲ. ಸರಿದದ್ದಕ್ಕೆ ಬದಲಾಗಿ ಅರ್ಚಕರಿಗೆ ತಿಂಗಳಿಗೆ ಇಷ್ಟು ಎಂದು ಗೊತ್ತು ಮಾಡುವ ಮಾತು ಸಮಿತಿಯಲ್ಲಿ ಒಂದು ಸಲವೂ ಬರಲಿಲ್ಲ. ಬೆಂಗಳೂರಿನ ಬಡಾವಣೆಯವರು ತಿಂಗಳ ಸಂಬಳ, ಇರಲು ಎರಡು ಕೋಣೆಯ ಮನೆ ಕೊಡುತ್ತಾರೆ. ಪೂಜೆ ಸಾಮಾನು ಬೇರೆ. ಐನೋರ ಮಗಳು ಈ ವರ್ಷ ಕಾಲೇಜಿಗೆ ಸೇರುತ್ತಾಳೆ. ದುಡ್ಡಿಗಾಗಿ ಹೋಗುತ್ತಿದ್ದಾರೆ ಎನ್ನುವವರು ಹೇಳುವುದು ನಿಜವೇ. ಅಂಗಡಿಯವರು ಯಾವ ದುಡ್ಡಿಗಾಗಿ ಬೆಳಿಗ್ಗೆ ಷಟರ್ ಎತ್ತುತ್ತಾರೋ ಅದೇ ದುಡ್ಡಿಗಾಗಿ.

ಗೋಡೆಯ ಮೇಲೆ 212 ಹೆಸರು

ಮೂರನೆಯ ಮಾತು ಬಹಳ ಜನರಿಗೆ ಚುಚ್ಚಿತು. ದೇವಸ್ಥಾನದ ಒಳಗೋಡೆಯಲ್ಲಿ ಶಾಶ್ವತ ಪೂಜೆ ಮಾಡಿಸಿದವರ ಹೆಸರಿನ ಕಲ್ಲು ಹಾಕಿದ್ದಾರೆ. ಅಪ್ಪನ ತಿಥಿ, ಮೊಮ್ಮಗನ ಹುಟ್ಟಿದ ನಕ್ಷತ್ರ, ಮದುವೆಯಾದ ದಿನ, ಹೀಗೆ ವರ್ಷಕ್ಕೊಂದು ದಿನ ತಮ್ಮ ಹೆಸರಿನಲ್ಲಿ ಅಭಿಷೇಕ ಆಗಬೇಕೆಂದು ತಲಾ 1,001 ರೂಪಾಯಿ ಕಟ್ಟಿದವರು 212 ಮಂದಿ. ಹಣ ಬ್ಯಾಂಕಿನಲ್ಲಿ ಠೇವಣಿ ಇದೆ, ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ. ತೊಂದರೆ ಇರುವುದು ಬಡ್ಡಿಯಲ್ಲಿ.

ಇವರಲ್ಲಿ ಬಹಳ ಮಂದಿ ಹಣ ಕಟ್ಟಿದ್ದು 1990ರ ದಶಕದ ನಡುವಿನಲ್ಲಿ. ಆಗ ಬ್ಯಾಂಕಿನವರು ಠೇವಣಿಗೆ ಶೇಕಡ 11, 12 ಬಡ್ಡಿ ಕೊಡುತ್ತಿದ್ದರು. ಸಾವಿರ ರೂಪಾಯಿಗೆ ವರ್ಷಕ್ಕೆ ನೂರಿಪ್ಪತ್ತು ಬಂದರೆ ಅಂದಿನ ಧಾರಣೆಯಲ್ಲಿ ಹಾಲು, ಕಾಯಿ, ಹೂವು ಎಲ್ಲಾ ಮುಗಿದು ಪ್ರಸಾದಕ್ಕೂ ಮಿಗುತ್ತಿತ್ತು. ಈಗ ಆ ಠೇವಣಿಗೆ ಬರುವುದು ಶೇಕಡ ಆರೂವರೆ. ಅಂದರೆ ಒಬ್ಬೊಬ್ಬರ ಹೆಸರಿಗೆ ವರ್ಷಕ್ಕೆ 65 ರೂಪಾಯಿ. ಪೂಜೆಗೆ ಏನಿಲ್ಲವೆಂದರೂ 250 ಬೇಕು. ಒಂದು ಹೆಸರಿಗೆ 185 ಖೋತಾ. ಅದನ್ನು 212ರಿಂದ ಗುಣಿಸಿದರೆ 39,220. ತಸ್ತೀಕಿನ ಅರ್ಧಕ್ಕಿಂತ ಹೆಚ್ಚು.

ಇಷ್ಟು ವರ್ಷ ಈ ಗುಂಡಿ ತುಂಬಿದ್ದು ಹೇಗೆ ಎಂದು ಐನೋರು ಮುಚ್ಚಿಡಲಿಲ್ಲ. ಒಂದೇ ದಿನಕ್ಕೆ ನಾಲ್ಕೈದು ಹೆಸರು ಬಿದ್ದರೆ ಒಂದೇ ಅಭಿಷೇಕ ಮಾಡಿ, ಸಂಕಲ್ಪದಲ್ಲಿ ಎಲ್ಲರ ಗೋತ್ರ ನಕ್ಷತ್ರ ಹೇಳಿದರು. ಒಂದೇ ಹೆಸರು ಇದ್ದ ದಿನ ನಿತ್ಯದ ಅಭಿಷೇಕದಲ್ಲೇ ಆ ಹೆಸರು ಸೇರಿಸಿದರು. 'ಹೆಸರು ಒಂದು ದಿನವೂ ತಪ್ಪಿಸಿಲ್ಲ. ಬೇರೆ ಹಾಲು, ಬೇರೆ ಕಾಯಿ ಇಟ್ಟೆ ಅಂತ ಮಾತ್ರ ಸುಳ್ಳು ಹೇಳಲಾರೆ' ಎಂದರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, 'ಇಷ್ಟು ದಿನ ಯಾಕೆ ಹೇಳಲಿಲ್ಲ ಐನೋರೇ?' ಎಂದು ಕೇಳಿದರು. 'ಹೇಳಿದ್ರೆ ಹೊಸದಾಗಿ ದುಡ್ಡು ಕೇಳ್ತಾನೆ ಅಂತೀರಿ ಅನ್ನೋ ಭಯ ಇತ್ತು ಯಜಮಾನರೇ. ಈಗ ಹೋಗೋನು, ನನಗೆ ಏನೂ ಬೇಕಾಗಿಲ್ಲ. ಅದಕ್ಕೆ ಈಗ ಹೇಳ್ತಾ ಇದೀನಿ' ಎಂದು ಉತ್ತರ ಬಂತು.

ಬೀಳ್ಕೊಡುಗೆಯ ಮಾತಿಗೆ ಇರುವ ಬೆಲೆ ಇಲ್ಲೇ ಇದೆ. ಇರುವ ತನಕ ಅರ್ಚಕರಿಗೆ ಎಲ್ಲರ ಹಂಗು. ತಟ್ಟೆಗೆ ಹಾಕುವ ಕೈಯನ್ನು ನೋಯಿಸುವ ಹಾಗಿಲ್ಲ. ಹೊರಟ ದಿನ ಒಂದೇ ಅವರಿಗೆ ಬಾಯಿ ಬರುವುದು. ಆ ದಿನ ಜನ ಹಾರ ಹಾಕಿ ಬಾಯಿ ಮುಚ್ಚಿಸಿದರೆ, ಅವರು ಹೊತ್ತ ಗಂಟು ಹಾಗೇ ಹೊಸಬರ ತಲೆಗೆ ಏರುತ್ತದೆ.

ದಾರಿ ಎರಡಿದೆ ಎಂದು ಐನೋರೇ ಸೂಚಿಸಿದರು. ಹೆಸರಿರುವ ಮನೆಯವರು ಸಾಧ್ಯವಾದರೆ ಠೇವಣಿಯನ್ನು ಹೆಚ್ಚಿಸಲಿ. ಈಗಿನ ಬಡ್ಡಿಯಲ್ಲಿ 250 ರೂಪಾಯಿ ಹುಟ್ಟಬೇಕಾದರೆ ಸುಮಾರು 3,850 ಇರಬೇಕು. ಆಗದವರ ಹೆಸರನ್ನು ತಿಂಗಳಿಗೊಂದು ಗೊತ್ತಾದ ದಿನ ಒಟ್ಟಾಗಿ ಒಂದು ಅಭಿಷೇಕಕ್ಕೆ ಸೇರಿಸಲಿ, ಹಾಗೆಂದು ಬೋರ್ಡು ಹಾಕಲಿ. ಹೊಸದಾಗಿ ಶಾಶ್ವತ ಎಂಬ ಮಾತಿನಲ್ಲಿ ಹಣ ಕಟ್ಟಿಸಿಕೊಳ್ಳುವುದು ಬೇಡ, ಹತ್ತು ವರ್ಷಕ್ಕೆ ಎಂದು ಕಟ್ಟಿಸಿಕೊಳ್ಳಲಿ. ಅಂಗಡಿ ನಡೆಸುವವರಿಗೆ ಈ ಲೆಕ್ಕ ಎರಡು ಸಲ ಹೇಳಬೇಕಾಗಿಲ್ಲ. ಸಾವಿರ ರೂಪಾಯಿಗೆ ಎಂದೆಂದಿಗೂ ಸಾಮಾನು ಕೊಡುತ್ತೇನೆಂದು ಯಾವ ವ್ಯಾಪಾರಿಯೂ ಬರೆದುಕೊಡುವುದಿಲ್ಲ.

ನನ್ನನ್ನು ಕರೀಬೇಡಿ

ಕಡೆಯ ಮಾತಿಗೆ ಹೆಂಗಸರ ಕಡೆಯಿಂದ ಬೇಡ ಬೇಡ ಎಂಬ ದನಿ ಬಂತು. 'ಬೆಂಗಳೂರು ದೂರ ಏನಲ್ಲ, ಬಸ್ಸಲ್ಲಿ ಬಂದು ಹೋಗಬಹುದು. ನಮ್ಮ ಮನೆ ಸತ್ಯನಾರಾಯಣ ಪೂಜೆಗೆ ನೀವೇ ಬರಬೇಕು ಅಂತ ಈಗಾಗಲೇ ಹತ್ತು ಮನೆಯವರು ಹೇಳಿದ್ದೀರಿ. ನಾನು ಬರಲ್ಲ. ಫೋನ್ ಮಾಡಬೇಡಿ. ಹೊಸಬರನ್ನ ಕರೀರಿ' ಎಂದು ಐನೋರು ಕಟ್ಟುನಿಟ್ಟಾಗಿ ಹೇಳಿದರು.

ಇದು ಬಿಗುಮಾನ ಎಂದು ಕೆಲವರು ತಿಳಿದುಕೊಂಡರು. ಒಳಗುಟ್ಟು ಬೇರೆ. ದಿನಕ್ಕೆ 72 ರೂಪಾಯಿ, ಬರಿದಾದ ತಟ್ಟೆ, ಇವೆರಡರ ಮೇಲೆ ಯಾವ ಅರ್ಚಕರೂ ಈ ಊರಲ್ಲಿ ಮೂರು ತಿಂಗಳು ನಿಲ್ಲುವುದಿಲ್ಲ. ನಿಲ್ಲಿಸುವುದು ಮನೆ ಪೂಜೆ, ಅಂಗಡಿ ಪೂಜೆ, ಗೃಹಪ್ರವೇಶ, ಆಯುಧಪೂಜೆಯ ದಿನದ ವಾಹನ ಪೂಜೆ, ದೀಪಾವಳಿಯ ಲಕ್ಷ್ಮೀ ಪೂಜೆ. ಇವುಗಳ ದಕ್ಷಿಣೆಯೇ ಹೊಸಬರ ಅಕ್ಕಿ ಬೇಳೆ. ಹಳಬರು ಪ್ರೀತಿಗೆ ಕಟ್ಟುಬಿದ್ದು ತಿಂಗಳಿಗೆರಡು ಸಲ ಬಂದು ಪೂಜೆ ಮಾಡಿಸಿ ಹೋದರೆ, ಹೊಸಬರಿಗೆ ಊರಿನ ಮನೆಗಳ ಬಾಗಿಲೇ ತೆರೆಯುವುದಿಲ್ಲ. ಆರು ತಿಂಗಳಲ್ಲಿ ಅವರೂ ಗಂಟು ಕಟ್ಟುತ್ತಾರೆ. ಕೆಲವು ಊರುಗಳಲ್ಲಿ ದೇವಸ್ಥಾನದ ಬಾಗಿಲು ವಾರಕ್ಕೊಂದು ದಿನ ತೆಗೆಯುವ ಸ್ಥಿತಿ ಬರುವುದು ಹೀಗೆಯೇ. ಹಳೆ ಐನೋರ ಮೇಲಿನ ಪ್ರೀತಿಯೇ ಹೊಸ ಐನೋರನ್ನು ಓಡಿಸುತ್ತದೆ.

ಐನೋರು ಇದಕ್ಕೆಂದೇ ಇನ್ನೊಂದು ಕೆಲಸ ಮಾಡಿದ್ದಾರೆ. ಪೇಟೆಯ ಮನೆ ಮನೆಯ ಗೋತ್ರ, ನಕ್ಷತ್ರ, ತಿಥಿ, ಯಾರ ಅಂಗಡಿಗೆ ಯಾವ ವಾರ ಪೂಜೆ, ಯಾರ ಮನೆಯಲ್ಲಿ ಏನು ಪದ್ಧತಿ, ಎಲ್ಲವನ್ನೂ ಪ್ರತಿ ಮಾಡಿ ಹೊಸಬರಿಗೆಂದು ದೇವಸ್ಥಾನದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಹತ್ತೊಂಬತ್ತು ವರ್ಷದ ಗಿರಾಕಿಗಳ ಖಾತೆಯನ್ನೇ ಬಿಟ್ಟುಕೊಟ್ಟು ಹೋಗುತ್ತಿದ್ದಾರೆ. ಅಂಗಡಿ ಮಾರುವಾಗ ಎಷ್ಟು ಮಂದಿ ಹೀಗೆ ಮಾಡಿದ್ದಾರೆ ಎಂದು ಅವರವರೇ ಕೇಳಿಕೊಳ್ಳಲಿ.

ಐನೋರದೂ ತಪ್ಪಿದೆ

ಹೊಗಳಿಕೆ ಒಂದೇ ಕಡೆ ಆಗಬಾರದು. ಐನೋರು ಹೋಗುವ ಸುದ್ದಿ ಊರಿಗೆ ಗೊತ್ತಾದದ್ದು ಹದಿನೈದು ದಿನದ ಹಿಂದೆ. ಬೆಂಗಳೂರಿನವರ ಜೊತೆ ಮಾತು ಮುಗಿದು ಎರಡು ತಿಂಗಳಾಗಿತ್ತು ಎಂದು ಅವರೇ ಹೇಳಿದರು. ಆ ಎರಡು ತಿಂಗಳು ಮೊದಲೇ ಬಾಯಿ ಬಿಟ್ಟಿದ್ದರೆ ಹೊಸಬರನ್ನು ಹುಡುಕಲು ಹೊತ್ತಿರುತ್ತಿತ್ತು. ಯಾರನ್ನೋ ಕರೆದು ಗಂಟೆ ಕೈಗೆ ಕೊಟ್ಟರೆ ಆಗುವುದಿಲ್ಲ. ಈ ದೇವಸ್ಥಾನದಲ್ಲಿ ಪೂಜೆ ನಡೆಯುವುದು ಶೈವಾಗಮದಂತೆ. ಆ ಆಗಮ ಓದಿ ಪರೀಕ್ಷೆ ಕಟ್ಟಿ ಪಾಸಾದವರು ಬೇಕು. ಅಂಥವರು ಆರು ಸಾವಿರಕ್ಕೆ ಸಾಲುಗಟ್ಟಿ ನಿಂತಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಶಾಶ್ವತ ಪೂಜೆಯ ದಿನಗಳ ಮೂಲ ಪುಸ್ತಕ ಇಷ್ಟು ವರ್ಷ ಇದ್ದದ್ದು ಐನೋರ ಮನೆಯ ಬೀರುವಿನಲ್ಲಿ. ಅವರಿಗೆ ಏನಾದರೂ ಆಗಿದ್ದರೆ, ಮನೆಗೆ ಮಳೆ ನೀರು ನುಗ್ಗಿದ್ದರೆ, 212 ಮನೆಯವರ ದಿನಗಳು ಒಟ್ಟಿಗೆ ಅಳಿಸಿಹೋಗುತ್ತಿದ್ದವು. ದೇವಸ್ಥಾನದ ಪುಸ್ತಕ ದೇವಸ್ಥಾನದಲ್ಲೇ ಇರಬೇಕು. ಐನೋರು ಒಳ್ಳೆಯವರು ಎಂಬುದು ಪುಸ್ತಕ ಮನೆಯಲ್ಲಿಡಲು ಕಾರಣವಾಗುವುದಿಲ್ಲ.

ಹಾಗೆ ನೋಡಿದರೆ ದೊಡ್ಡ ಪಾಲು ತಪ್ಪು ಬೇರೆ ಕಡೆ ಇದೆ. ಇಂಥ ದೇವಸ್ಥಾನಕ್ಕೆ ಒಂಬತ್ತು ಮಂದಿಯ ವ್ಯವಸ್ಥಾಪನಾ ಸಮಿತಿ ಇರಬೇಕು, ಅದರ ಅವಧಿ ಮೂರು ವರ್ಷ. ಇಲ್ಲಿಯ ಸಮಿತಿಯ ಅವಧಿ ಮುಗಿದು ಬಹಳ ದಿನವಾಯಿತು, ಹೊಸದು ಆಗಿಲ್ಲ. ಹಳಬರು ನಾವು ಮಾಜಿಗಳು ಎಂದು ಜಾರಿಕೊಳ್ಳುತ್ತಾರೆ, ತಾಲ್ಲೂಕು ಕಚೇರಿಯವರು ಪ್ರಸ್ತಾವ ಬಂದಿಲ್ಲ ಎನ್ನುತ್ತಾರೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಲು ಮಾತ್ರ ಏಳು ಮಂದಿ ಮಾಜಿಗಳು ಸಾಲಾಗಿ ಬಂದರು. ತೂಕದ ಪಟ್ಟಿಗೆ ರುಜು ಹಾಕಿ ಎಂದಾಗ ಏಳರಲ್ಲಿ ಒಬ್ಬರೂ ಪೆನ್ನು ತೆಗೆಯಲಿಲ್ಲ.

ಒಂದನೇ ತಾರೀಖಿನ ಒಳಗೆ

ಇನ್ನು ಉಳಿದಿರುವುದು ಒಂಬತ್ತು ದಿನ. ಐನೋರು ಇರುವಾಗಲೇ ಆಗಬೇಕಾದ ಕೆಲಸ ಬೆರಳೆಣಿಕೆಯವು.

ಮೊದಲನೆಯದು, ತಹಸೀಲ್ದಾರ್ ಕಚೇರಿಯಿಂದ ಮುಜರಾಯಿ ಕೆಲಸ ನೋಡುವವರು ಬಂದು, ಊರಿನ ನಾಲ್ಕು ಮಂದಿ ಹಿರಿಯರ ಎದುರಿಗೆ ಎಲ್ಲವನ್ನೂ ತೂಗಿಸಿ, ಒರೆ ಹಚ್ಚಿಸಿ, ಮಹಜರು ಬರೆಯಬೇಕು. ಅಕ್ಕಸಾಲಿಗರ ಚೀಟಿಯನ್ನು ಅದಕ್ಕೆ ಲಗತ್ತಿಸಬೇಕು. ಪೆಟ್ಟಿಗೆಯ ಬೀಗದ ಕೈ ಯಾರ ವಶ ಎಂಬುದೂ ಬರಹದಲ್ಲಿರಬೇಕು. ಐನೋರು ಹೋದ ಮೇಲೆ ಈ ಕೆಲಸಕ್ಕೆ ಕೂತರೆ 62 ಗ್ರಾಮಿಗೆ ಉತ್ತರ ಹೇಳುವವರು ಇರುವುದಿಲ್ಲ, ಗುಸುಗುಸು ಮಾತ್ರ ಇರುತ್ತದೆ.

ಎರಡನೆಯದು ತಸ್ತೀಕು. ಅದು ಬರುತ್ತಿರುವುದು ಈಗಿನ ಅರ್ಚಕರ ಹೆಸರಿನಲ್ಲಿ. ಬದಲಾದ ದಿನವನ್ನು ಕಚೇರಿಗೆ ಬರೆದುಕೊಡದೆ ಸುಮ್ಮನಿದ್ದರೆ, ಹೊರಟುಹೋದವರ ಖಾತೆಗೆ ಹಣ ಬೀಳಬಹುದು, ಇಲ್ಲವೇ ನಿಂತೇ ಹೋಗಬಹುದು. ಎರಡೂ ಕೇಡೇ. ಐನೋರು ತಾವು ಬಿಡುವ ತಾರೀಖನ್ನು ಬರೆದು ಅರ್ಜಿ ಕೊಟ್ಟಿದ್ದಾರೆ, ಅದರ ಹಿಂಬರಹವನ್ನು ಸಭೆಯಲ್ಲಿ ತೋರಿಸಿದರು. ಅದನ್ನು ಮೇಜಿನಿಂದ ಮೇಜಿಗೆ ದೂಡುವ ಕೆಲಸಕ್ಕೆ ಊರಿನವರು ಯಾರಾದರೂ ಓಡಾಡಬೇಕು.

ಮೂರನೆಯದು ಪೇಟೆಯವರ ಕೈಯಲ್ಲೇ ಇದೆ, ಸರ್ಕಾರವನ್ನು ಕೇಳಬೇಕಾಗಿಲ್ಲ. ಪೇಟೆ ಬೀದಿಯ ನಲವತ್ತು ಅಂಗಡಿಗಳು ತಿಂಗಳಿಗೆ 100 ರೂಪಾಯಿಯಂತೆ ಎತ್ತಿದರೆ 4,000 ಆಗುತ್ತದೆ. ನಿತ್ಯದ ಪೂಜೆ ಸಾಮಾನು ಅದರಲ್ಲೇ ಮುಗಿಯುತ್ತದೆ, ತಸ್ತೀಕು ಪೂರ್ತಿಯಾಗಿ ಅರ್ಚಕರ ಮನೆಗೆ ಉಳಿಯುತ್ತದೆ. ದುಡ್ಡು ಎತ್ತಲು ಇಷ್ಟವಿಲ್ಲದಿದ್ದರೆ ಸಾಮಾನೇ ಕೊಡಬಹುದು. ಒಬ್ಬರು ಎಣ್ಣೆ, ಒಬ್ಬರು ಅಕ್ಕಿ, ಒಬ್ಬರು ಹಾಲು. ಯಾರು ಏನು ಕೊಟ್ಟರು ಎಂಬುದು ತಿಂಗಳ ಕೊನೆಗೆ ಬೋರ್ಡಿನ ಮೇಲೆ ಬರಲಿ. ಬಸ್ಸಿಗೆ ಹೋಗುವವರು ಮಾಡಬೇಕಾದದ್ದು ಇನ್ನೂ ಸಣ್ಣದು. ಹುಂಡಿಗೆ ಕೊಟ್ಟದ್ದು ಹುಂಡಿಗೆ, ತಟ್ಟೆಗೆ ಕೊಟ್ಟದ್ದು ತಟ್ಟೆಗೆ ಎಂಬುದು ಗೊತ್ತಿದ್ದರೆ ಸಾಕು.

ಹೊಸಬರಾಗಿ ಬರಲು ಒಪ್ಪಿರುವ ಒಬ್ಬ ಹುಡುಗ ಇದ್ದಾನೆ ಎಂದು ಐನೋರು ಕಡೆಗೆ ತಿಳಿಸಿದರು. ಆಗಮ ಪರೀಕ್ಷೆ ಪಾಸು ಮಾಡಿದ್ದಾನೆ, ಮದುವೆಯಾಗಿ ಒಂದು ವರ್ಷ, ಕೈಗೂಸು ಇದೆ. ಮುಂದಿನ ಸೋಮವಾರ ಬಂದು ನೋಡಿಕೊಂಡು ಹೋಗುತ್ತಾನಂತೆ. ಅವನು ನೋಡುವುದು ಲಿಂಗವನ್ನಲ್ಲ, ಈಶ್ವರ ಎಲ್ಲಾ ಊರಲ್ಲೂ ಒಬ್ಬನೇ. ಅವನು ನೋಡುವುದು ಊರನ್ನು. ಆ ಹೊತ್ತಿಗೆ ಮಹಜರಿಗೆ ಏಳು ಜನರಲ್ಲಿ ಒಬ್ಬರಾದರೂ ರುಜು ಹಾಕಿರಲಿ, ಎಣ್ಣೆ ಅಕ್ಕಿಗೆ ಹೆಸರು ಬರೆಸಿದವರ ಒಂದು ಪಟ್ಟಿ ಗೋಡೆಯ ಮೇಲಿರಲಿ. ಇಲ್ಲವಾದರೆ ಅವನೂ ತೀರ್ಥ ತೆಗೆದುಕೊಂಡು ಸಂಜೆಯ ಬಸ್ಸು ಹತ್ತುತ್ತಾನೆ. ಆಗ ಗೋಡೆಯ ಮೇಲಿನ 212 ಹೆಸರುಗಳನ್ನು ಓದಲೂ ಒಳಗೆ ದೀಪ ಇರುವುದಿಲ್ಲ.